ವಾಪಸು ಕರೆದ ಫೋಟೊ

ಫೋಟೊದ ಕೆಳಗೆ ಬೂದು ಬಣ್ಣದ ಟಿಕ್ಕು ಒಂದೇ ಇತ್ತು. ಬೆಳಿಗ್ಗೆ ಆರಕ್ಕೆ ತಗಡಿನ ಶೆಡ್ಡಿನ ಹಿಂದೆ, ಮುಖ ತೊಳೆಯುವ ಡ್ರಮ್ಮಿನ ಪಕ್ಕ ನಿಂತು ಒತ್ತಿದಾಗಲೂ ಒಂದೇ. ಈಗ ಹತ್ತೂವರೆಗೆ, ಯಾರದೋ ಹೊಸ ಮನೆಯ ಹಜಾರದಲ್ಲಿ ಮೊಣಕಾಲೂರಿ ಟೈಲ್ಸ್ ಕೂರಿಸುತ್ತ, ಮೇಸ್ತ್ರಿ ಆಚೆ ಹೋದಾಗಲೆಲ್ಲ ಜೇಬಿನಿಂದ ತೆಗೆದು ನೋಡಿದಾಗಲೂ ಒಂದೇ. ಒಂದು ಟಿಕ್ಕು ಅಂದರೆ ನಿನ್ನ ಕೈ ಬಿಟ್ಟಿದೆ, ಅವರ ಕೈ ಸೇರಿಲ್ಲ, ಎರಡಾದರೆ ಸೇರಿದೆ ಅಂತ ಲೆಕ್ಕ, ಎಂದು ಶೆಡ್ಡಿಗೆ ಬಂದ ಮೊದಲ ವಾರದಲ್ಲೇ ಯಾರೋ ಅವನಿಗೆ ಹೇಳಿಕೊಟ್ಟಿದ್ದರು. ಹಾಗಾದರೆ ಈ ಫೋಟೊ ಈಗ ಎಲ್ಲಿದೆ ಎಂದು ಪ್ರೇ ರೆ ಯೋಚಿಸಿದ. ಚಿಯಾಂಗ್ ಮಾಯ್‌ನ ಈ ಹಜಾರದಲ್ಲಿ ಇಲ್ಲ. ಗಡಿಯಾಚೆಯ ಗುಡ್ಡದ ಮೇಲೆ ಟಾರ್ಪಾಲು ಹೊದ್ದ ಬಿದಿರಿನ ಗುಡಿಸಲಲ್ಲಿ, ಅವ್ವನ ಬಟ್ಟೆಗಂಟಿನೊಳಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಫೋನಿನಲ್ಲೂ ಇಲ್ಲ. ನಡುವೆ ಎಲ್ಲೋ, ಹೆಸರು ಗೊತ್ತಿಲ್ಲದ ಯಾವುದೋ ಊರಿನ ಯಂತ್ರದ ಹೊಟ್ಟೆಯಲ್ಲಿ, ಅವ್ವನ ಫೋನು ಕಣ್ಣು ಬಿಡಲಿ ಎಂದು ಕಾಯುತ್ತ ಕೂತಿದೆ. ಇವನ ಹಾಗೆಯೇ ಮೊಣಕಾಲೂರಿಕೊಂಡು. ನೆಲದ ಮಟ್ಟ ನೋಡುವ ರಸಮಟ್ಟದ ಗುಳ್ಳೆ ಒಂದು ಕಡೆ ಸರಿಯಿತು. ರಬ್ಬರ್ ಸುತ್ತಿಗೆಯಿಂದ ಟೈಲ್ಸಿನ ಮೂಲೆಗೆ ಎರಡು ಸಲ ತಟ್ಟಿದ. ಗುಳ್ಳೆ ನಡುವಿಗೆ ಬಂತು, ಅವನ ಎದೆಯೊಳಗಿನದು ಬರಲಿಲ್ಲ.

ಫೋಟೊ ತೆಗೆದವನು ಅವನಲ್ಲ. ಸೋದರಮಾವನ ಮಗ ದೀ ರೆ ತೆಗೆದದ್ದು. ಹೂತಿಟ್ಟ ಬಿತ್ತನೆ ಭತ್ತ ಸಿಕ್ಕರೆ ತರೋಣವೆಂದು ನಾಲ್ವರು ಗಂಡಸರ ಜೊತೆ ಎರಡು ದಿನ ನಡೆದು ಹಳ್ಳಿಗೆ ಹೋದವನು, ದಾರಿಯಲ್ಲಿ ನಿಂತು ತನ್ನ ಫೋನಿನಲ್ಲಿ ಹಿಡಿದದ್ದು. ಸೈನ್ಯ ನುಗ್ಗಿ ಊರು ಖಾಲಿಯಾದಾಗಿನಿಂದ, ಎರಡು ವರ್ಷದಿಂದ, ಅಲ್ಲಿ ಸಿಗ್ನಲ್ ಇಲ್ಲ. ಆದ್ದರಿಂದ ಫೋಟೊವೂ ಅವನ ಜೇಬಿನಲ್ಲಿ, ಬೆನ್ನ ಮೇಲಿನ ಭತ್ತದ ಜೊತೆ, ಎರಡು ದಿನ ನಡೆದೇ ಬಂತು. ನಿರಾಶ್ರಿತರ ಗುಡ್ಡದ ತುದಿಯಲ್ಲಿ ಒಂದು ನೆಟ್ ಗುಡಿಸಲು ಇದೆ. ಆಕಾಶಕ್ಕೆ ಮುಖ ಮಾಡಿದ ಚಪ್ಪಟೆ ತಟ್ಟೆ, ಕೆಳಗೆ ಕಾರಿನ ಬ್ಯಾಟರಿ, ಗಂಟೆಗಿಷ್ಟು ಎಂದು ಕೊಟ್ಟರೆ ಒಂದು ಚೀಟಿಯಲ್ಲಿ ಬರೆದುಕೊಡುವ ಗುಪ್ತಪದ. ವಿಮಾನದ ಸದ್ದು ಕೇಳಿದರೆ ಗುಡಿಸಲಿನ ಹುಡುಗಿ ಸ್ವಿಚ್ಚು ಆರಿಸಿ ತಟ್ಟೆಯ ಮೇಲೆ ಬಾಳೆ ಎಲೆ ಹೊದಿಸುತ್ತಾಳೆ. ಆಮೇಲೆ ಎಲ್ಲರ ಮಾತೂ ಅರ್ಧಕ್ಕೇ. ಅಲ್ಲಿಂದ ದೀ ರೆ ಆ ಫೋಟೊವನ್ನು ಕಳಿಸಿದ್ದ. ಜೊತೆಗೆ ಧ್ವನಿ ಸಂದೇಶ: "ಅಣ್ಣ, ನೋಡ್ಕೋ. ಅತ್ತೆ ದಿನಾ ಕೇಳ್ತಾಳೆ, ಹೋಗಿದ್ಯಲ್ಲ, ಮನೆ ಹೆಂಗಿದೆ ಅಂತ. ನಾನು ನೋಡಕ್ಕಾಗ್ಲಿಲ್ಲ, ಆ ಬೀದಿ ಕಡೆ ಹೋಗ್ಲಿಲ್ಲ ಅಂತ ಅಂದ್ಬಿಟ್ಟೆ. ನನ್ ಕೈಲಾಗಲ್ಲ ಅಣ್ಣ. ನೀನು ಮಗ, ನೀನೇ ಹೇಳು." ಆ ಅತ್ತೆಯ, ಅಂದರೆ ಇವನ ಅವ್ವನ, ಗುಡಿಸಲು ದೀ ರೆಯ ಗುಡಿಸಲಿನಿಂದ ಹತ್ತು ಹೆಜ್ಜೆ. ಹತ್ತು ಹೆಜ್ಜೆ ದಾಟಲಾಗದ ಸುದ್ದಿ ಆಕಾಶಕ್ಕೆ ಹೋಗಿ, ಗಡಿ ದಾಟಿ, ಇವನ ಕೈಗೆ ಬಿದ್ದು, ಮತ್ತೆ ಅದೇ ಗುಡ್ಡಕ್ಕೆ ಹಿಂದಿರುಗಬೇಕಾಗಿತ್ತು.

ಮೊದಲ ಸಲ ನೋಡಿದಾಗ ದೀ ರೆ ತಪ್ಪು ಮನೆ ಹಿಡಿದಿದ್ದಾನೆ ಎಂದುಕೊಂಡ. ಚಿತ್ರದಲ್ಲಿ ಮನೆ ಇರಲಿಲ್ಲ. ಸಿಮೆಂಟಿನ ಮೆಟ್ಟಿಲು ಏಳು ಇದ್ದವು, ಏಳನೆಯದರ ಮೇಲೆ ಆಕಾಶ. ತೇಗದ ಕಂಬಗಳಿದ್ದ ಕಡೆ ಕಪ್ಪು ಮೋಟು. ಮಾಡಿನ ತಗಡು ಸುಟ್ಟ ಹಪ್ಪಳದ ಹಾಗೆ ಮುದುಡಿ ನೆಲಕ್ಕೆ ಒರಗಿತ್ತು, ಅದರ ಮೇಲೆ ಯಾರೂ ನೆಡದ ಸೋರೆಬಳ್ಳಿ ಹಬ್ಬಿ ಬಿಳಿ ಹೂ ಬಿಟ್ಟಿತ್ತು. ಎರಡು ಬೆರಳಿನಲ್ಲಿ ಹಿಗ್ಗಿಸಿ ಮೆಟ್ಟಿಲಿನ ಪಕ್ಕ ನೋಡಿದ. ಮೊದಲ ಮಳೆಗಾಲದ ಸಂಬಳ ಕಳಿಸಿದಾಗ ಅವ್ವ ಬಿದಿರೇಣಿ ಕಿತ್ತುಹಾಕಿ ಈ ಮೆಟ್ಟಿಲು ಕಟ್ಟಿಸಿದ್ದಳು. ಹಸಿ ಸಿಮೆಂಟಿನ ಮೇಲೆ ನಾಯಿ ನಡೆದು ಹೋಗಿತ್ತೆಂದು ಫೋನಿನಲ್ಲಿ ಎಷ್ಟು ಬೈದಿದ್ದಳು, ಬೈಯುತ್ತ ಬೈಯುತ್ತ ನಕ್ಕಿದ್ದಳು. ಹಿಗ್ಗಿಸಿದಷ್ಟೂ ಚಿತ್ರ ಚೌಕ ಚೌಕವಾಗಿ ಒಡೆಯಿತು. ಗುಡ್ಡದಿಂದ ಬರುವ ದಾರಿಯಲ್ಲಿ ಫೋಟೊಗಳು ಹಗುರಾಗುತ್ತವೆ, ನಾಯಿಯ ಹೆಜ್ಜೆಯಂಥದೆಲ್ಲ ಉದುರಿಹೋಗಿರುತ್ತದೆ.

ನಾಲ್ಕು ದಿನ ಇಟ್ಟುಕೊಂಡಿದ್ದ. ಐದನೆಯ ಬೆಳಿಗ್ಗೆ ಕಳಿಸಿದ. ಮಾತು ಸೇರಿಸಲಿಲ್ಲ. ಏನಂತ ಸೇರಿಸುವುದು? ಮಧ್ಯಾಹ್ನ ಬುತ್ತಿ ಬಿಚ್ಚಿದಾಗ, ಹಸಿ ಗೋಡೆಗೆ ಬೆನ್ನು ಕೊಟ್ಟು ಕೂತಾಗ, ಅವ್ವ ಅದನ್ನು ತೆರೆಯುವ ಗಳಿಗೆ ಕಣ್ಣಿಗೆ ಬಂತು. ಭಾನುವಾರ ಚರ್ಚು ಮುಗಿಸಿ, ಏದುಸಿರು ಬಿಡುತ್ತ ಗುಡ್ಡ ಹತ್ತಿ, ಚೀಟಿ ತೆಗೆದುಕೊಂಡು, ಹುಡುಗಿಯ ಕೈಗೆ ಫೋನು ಕೊಟ್ಟು, ಸುತ್ತ ಹತ್ತು ಜನ ಭುಜಕ್ಕೆ ಭುಜ ತಾಗಿಸಿ ಕೂತಿರುವಾಗ ಅದು ತೆರೆದುಕೊಳ್ಳುತ್ತದೆ. ಅಳಲಿಕ್ಕೆ ಜಾಗವಿರುವುದಿಲ್ಲ. ಗಂಟೆ ಮುಗಿಯುವುದರೊಳಗೆ ಅತ್ತು ಮುಗಿಸಬೇಕು. ಇವನೇನೋ ಪಕ್ಕದಲ್ಲಿ ಇರದೆ ಒಂದು ಚಿತ್ರವನ್ನು ಎಸೆದುಬಿಟ್ಟಿದ್ದಾನೆ, ಬೀದಿಯ ಹುಡುಗರು ಅಂಗಳಕ್ಕೆ ಸತ್ತ ಹಾವು ಎಸೆದು ಓಡುವ ಹಾಗೆ. ಬುತ್ತಿ ಮುಚ್ಚಿ ಫೋನು ತೆಗೆದ. ಟಿಕ್ಕು ಇನ್ನೂ ಒಂದೇ ಇತ್ತು. ಬೆರಳನ್ನು ಫೋಟೊದ ಮೇಲೆ ಒತ್ತಿ ಹಿಡಿದ. ಕೆಳಗೆ ಪ್ರಶ್ನೆ ಬಂತು, ನಿನಗೆ ಮಾತ್ರ ಅಳಿಸಬೇಕೋ, ಎಲ್ಲರಿಗೂ ಅಳಿಸಬೇಕೋ. ಎಲ್ಲರಿಗೂ ಎಂದ. ಫೋಟೊ ಮಾಯವಾಯಿತು. ಸುಟ್ಟ ಮನೆಯನ್ನು ಮತ್ತೆ ಕಟ್ಟಿ ನಿಲ್ಲಿಸಿದಷ್ಟು ಹಗುರವಾಗಿ ಉಸಿರು ಬಿಟ್ಟ. ಮೇಸ್ತ್ರಿ ಲುಂಗ್ ಖಾಮ್ ಬಾಗಿಲಿಂದ ಕೂಗಿದ: "ಏನಯ್ಯಾ, ಫೋನಿಗೆ ಮುತ್ತು ಕೊಡ್ತಾ ಇದ್ಯಾ? ಹುಡುಗಿಗೆ ಹೇಳು, ಗಾರೆ ಒಣಗ್ತಾ ಇದೆ ಅಂತ." ಲುಂಗ್ ಖಾಮ್ ಶಾನ್ ಜನಾಂಗದ ಮುದುಕ, ಗಡಿ ದಾಟಿ ಬಂದು ಇಪ್ಪತ್ತೈದು ವರ್ಷದಿಂದ ಈ ಕಡೆಯವನು, ಎಲ್ಲರಿಗೂ ಒಬ್ಬೊಬ್ಬ ಹುಡುಗಿ ಇದ್ದಾಳೆಂದು ನಂಬಿದ್ದವನು. ಪ್ರೇ ರೆ ನಕ್ಕ. ಆ ದಿನವೆಲ್ಲ ಟೈಲ್ಸ್ ಒಂದಕ್ಕೊಂದು ಸರಿಯಾಗಿ ಕೂತವು.

ಭಾನುವಾರ ಅವ್ವ ಫೋನು ಮಾಡಿದಳು. ಹಿಂದೆ ಯಾರದೋ ಮಗು ಅಳುತ್ತಿತ್ತು, ಯಾರೋ ಗಟ್ಟಿಯಾಗಿ ಗಂಡನನ್ನು ಬೈಯುತ್ತಿದ್ದರು.

"ಉಂಡ್ಯಾ ಮಗಾ?"

"ಉಂಡೆ ಅವ್ವ. ನೀನು?"

"ನಂದಿರ್ಲಿ. ನಿನ್ ಹೆಸ್ರಲ್ಲಿ ಏನೋ ಬಂದು ಹೊರಟೋಗಿದೆ ಕಣಪ್ಪ. ಈ ಹುಡುಗಿ ಓದಿ ಹೇಳಿದ್ಲು, ಕಳಿಸಿದ್ದನ್ನ ಅಳಿಸಲಾಗಿದೆ ಅಂತ ಬರ್ದಿದ್ಯಂತೆ. ಏನದು?"

ಅಳಿಸಿದ್ದರ ಗುರುತು ಅಳಿಸುವುದಿಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲ ಎಂದಲ್ಲ. ಶೆಡ್ಡಿನಲ್ಲಿ ಬೇರೆಯವರು ಕುಡಿದು ಕಳಿಸಿ ಬೆಳಿಗ್ಗೆ ಅಳಿಸಿದ್ದನ್ನೆಲ್ಲ ಅವನೂ ನೋಡಿದ್ದ. ಆದರೆ ಅವ್ವನಿಗೆ ಓದು ಬಾರದು ಎಂಬ ಧೈರ್ಯದಲ್ಲಿ ಮರೆತಿದ್ದ. ತಾಯಿಯ ಅಕ್ಷರ ಬಾರದಿರುವುದನ್ನು ನಂಬಿಕೊಂಡು ಬದುಕಿದ್ದೇನೆ ಎಂದು ನಾಚಿಕೆಯಾಯಿತು.

"ತಪ್ಪಿ ಬಂತು ಅವ್ವ. ಕೆಲ್ಸದ್ ಫೋಟೊ. ಟೈಲ್ಸಿಂದು."

"ಹೂಂ." ಅಳುವ ಮಗುವನ್ನು ಸುಮ್ಮನಿರಿಸಿ ಮತ್ತೆ ಬಂದಳು. "ದೀ ರೆ ಮುಖ ತಪ್ಪಿಸ್ಕೊಂಡು ಓಡಾಡ್ತಾನೆ. ಅಣ್ಣನ್ನ ಕೇಳು ಅಂತಾನೆ. ಮನೆ ಹೆಂಗಿದ್ಯಂತೆ ಮಗಾ?"

"ಇದೆ," ಎಂದ.

ಬಾಯಿಂದ ಬಂದುಬಿಟ್ಟಿತ್ತು. ಮೆಟ್ಟಿಲು ಇದೆ, ಬಳ್ಳಿ ಇದೆ, ಅಷ್ಟರ ಮಟ್ಟಿಗೆ ಸುಳ್ಳಲ್ಲ ಎಂದು ಆಮೇಲೆ ವಾದ ಹೂಡಿಕೊಂಡ. ಅವ್ವ ಮಾತ್ರ, "ಇದ್ಯಾ," ಎಂದಳು, ಕೇಳಿದಂತೆಯೂ ಅಲ್ಲ, ನಂಬಿದಂತೆಯೂ ಅಲ್ಲ; ಬಿಸಿ ಪಾತ್ರೆಯನ್ನು ಎಲ್ಲಿಡಲಿ ಎಂದು ಹುಡುಕುವವಳ ದನಿಯಲ್ಲಿ. ಅಷ್ಟರಲ್ಲಿ ಆಕಾಶದಲ್ಲಿ ಏನೋ ಸದ್ದಾಗಿರಬೇಕು, ಹುಡುಗಿ ಸ್ವಿಚ್ಚು ಆರಿಸಿದಳು.

ಎರಡು ಭಾನುವಾರ ಅವ್ವ ಮನೆಯ ಮಾತು ಎತ್ತಲಿಲ್ಲ. ಕೊಟ್ಟ ಅಕ್ಕಿ ಮುಗ್ಗಲು, ಮೊಣಕಾಲು ನೋವು, ಫಾದರ್ ಪ್ರಾರ್ಥನೆಯ ನಡುವೆ ತೂಕಡಿಸಿದ್ದು, ಇವೇ. ಎತ್ತದ ಮಾತು ಇವನ ಕಿವಿಯಲ್ಲಿ ದೊಡ್ಡದಾಗುತ್ತ ಹೋಯಿತು. ಬೇರೆಯವರ ನೆಲಕ್ಕೆ ಟೈಲ್ಸ್ ಹಾಕುವಾಗ ಬಾಗಿಲ ಕಡೆಯಿಂದ ಒಳಕ್ಕೆ ಬರಬಾರದು, ಒಳಮೂಲೆಯಿಂದ ಹೊರಕ್ಕೆ ಹಾಕುತ್ತ ಬರಬೇಕು, ಇಲ್ಲದಿದ್ದರೆ ಹಸಿ ನೆಲದ ನಡುವೆ ನೀನೇ ಸಿಕ್ಕಿಕೊಳ್ಳುತ್ತೀಯ ಎಂದು ಮೊದಲ ದಿನ ಲುಂಗ್ ಖಾಮ್ ಹೇಳಿದ್ದ. ಆ ಒಂದು 'ಇದೆ' ಎಂಬ ಮಾತಿನಿಂದ ಈಗ ಹಾಗೆ ಮೂಲೆಗೆ ಸಿಕ್ಕಿದ್ದ. ಯಾವ ಕಡೆ ಕಾಲಿಟ್ಟರೂ ಗುರುತು ಬೀಳುತ್ತಿತ್ತು. ಹಳ್ಳಿಯಲ್ಲಿದ್ದಾಗ ಹೀಗೇ ಒಮ್ಮೆ ಅಪ್ಪನ ಬೇಟೆಯ ಕತ್ತಿ ಕಳೆದು, ಇದೆ ಇದೆ ಎಂದು ಒಂದು ತಿಂಗಳು ಹೇಳಿಕೊಂಡು ಬಂದಿದ್ದ. ಅಪ್ಪ ಕೇಳದೆಯೇ ಹೊಸ ಕತ್ತಿಗೆ ಹಿಡಿ ಕೆತ್ತಲು ಕೂತಾಗ ಎಲ್ಲರಿಗೂ ಗೊತ್ತಿತ್ತೆಂದು ತಿಳಿಯಿತು. ಅಪ್ಪ ಈಗಿಲ್ಲ. ಮನೆ ಸುಡುವ ಮುಂಚೆಯೇ ಹೋದ, ಪುಣ್ಯವಂತ.

ಮೂರನೆಯ ಭಾನುವಾರ ಅವ್ವನ ಕರೆ ಬರಲಿಲ್ಲ. ಸೋಮವಾರ ಬೆಳಿಗ್ಗೆ ದೀ ರೆಯ ಧ್ವನಿ ಬಂತು. ಓಡಿಬಂದವನ ಉಸಿರು. "ಅಣ್ಣ, ನಾನು ಗಡಿಗೆ ಅಕ್ಕಿ ಹೊತ್ಕೊಂಡು ಬರಕ್ಕೆ ಹೋಗಿದ್ದೆ, ಈಗ ಬಂದೆ. ಅತ್ತೆ ಇಲ್ಲ. ಮೊನ್ನೆ ಭತ್ತ ಕುಯ್ಯೋರು ಕೆಳಗೆ ಇಳಿದ್ರಲ್ಲ, ಅವರ ಜೊತೆ ಹೊರಟುಬಿಟ್ಟಿದ್ದಾಳೆ. ಯಾರು ಬೇಡ ಅಂದ್ರೂ ಕೇಳ್ಲಿಲ್ವಂತೆ. ನನ್ ಮಗ ಮನೆ ಇದೆ ಅಂದಿದ್ದಾನೆ, ನೋಡ್ಕೊಂಡು ಬತ್ತೀನಿ ಅಂದ್ಲಂತೆ. ಅಣ್ಣ, ನೀನು ಫೋಟೊ ತೋರಿಸ್ಲಿಲ್ವಾ? ಅಂಗಳದಲ್ಲಿ ಸೈನ್ಯದವರು ಮೈನ್ ಹೂತಿದ್ದಾರೆ ಅಣ್ಣ. ಎದುರು ಮನೆಯವರ ಹಸು ಅದನ್ನ ತುಳಿದು ಸತ್ತದ್ದು ನಿಮ್ಮ ಬಾವಿ ಹತ್ರಾನೆ. ನಾನು ದಾರಿಯಿಂದ ಫೋಟೊ ತೆಗೆದದ್ದು ಅದಕ್ಕೇ."

ಅವನು ಧ್ವನಿಯನ್ನು ಮತ್ತೊಮ್ಮೆ ಕೇಳಲಿಲ್ಲ. ದೀ ರೆ ಮೊದಲು ಕಳಿಸಿದ್ದ ಫೋಟೊ ಅವನ ಸಂಭಾಷಣೆಯಲ್ಲಿ ಹಾಗೇ ಇತ್ತು. ಅದನ್ನು ಎತ್ತಿ ಅವ್ವನಿಗೆ ಕಳಿಸಿದ. ಓದಲು ಬಾರದವಳಿಗೆ ಬರೆದು ಪ್ರಯೋಜನವಿಲ್ಲವೆಂದು ಹಿಂದೆಯೇ ಮಾತು ಸೇರಿಸಿದ: "ಅವ್ವ, ಮನೆ ಇಲ್ಲ. ನಾನು ಸುಳ್ಳು ಹೇಳ್ದೆ. ಅಂಗಳಕ್ಕೆ ಕಾಲಿಡ್ಬೇಡ. ವಾಪಸ್ ಬಾ ಅವ್ವ." ಒಂದು ಟಿಕ್ಕು. ಇನ್ನೊಂದು ಮಾತು, ಅದಕ್ಕೂ ಒಂದೇ ಟಿಕ್ಕು. ಅಂದು ಬರದೇ ಇರಲೆಂದು ಬೇಡಿಕೊಂಡಿದ್ದ ಎರಡನೆಯ ಟಿಕ್ಕಿಗಾಗಿ ಈಗ ಕಣ್ಣು ಕೀಳದೆ ನೋಡಿದ. ಅವ್ವ ಸಿಗ್ನಲ್ ಇಲ್ಲದ ಕಣಿವೆಯಲ್ಲಿ ನಡೆಯುತ್ತಿದ್ದಾಳೆ, ಚೀಲದಲ್ಲಿ ಫೋನು ಇದೆ, ಅದಕ್ಕೆ ಏನೂ ತಲುಪುವುದಿಲ್ಲ, ಅವಳು ವಾಪಸು ಗುಡ್ಡದ ತುದಿ ಹತ್ತುವವರೆಗೆ. ಅಂದರೆ ಎಚ್ಚರಿಕೆ ತಲುಪಬೇಕಾದರೆ ಎಚ್ಚರಿಕೆ ಬೇಡವಾಗಿರಬೇಕು. ದೀ ರೆಗೆ ಕಳಿಸಿದ್ದಕ್ಕೆ ಮಾತ್ರ ಎರಡು ಟಿಕ್ಕು ಬಿತ್ತು, ಅವನ ಉತ್ತರವೂ ಬಂತು: "ನಾನು ಈಗ್ಲೇ ಹೊರಡ್ತೀನಿ ಅಣ್ಣ, ಆದ್ರೆ ಅವಳು ಹೋಗಿ ಎರಡು ದಿನ ಆಯ್ತು." ಆಮೇಲೆ ಅವನಿಗೆ ಕಳಿಸಿದ್ದಕ್ಕೂ ಒಂದೇ ಟಿಕ್ಕು.

ಲುಂಗ್ ಖಾಮ್ ಮುಂದೆ ನಿಂತು ರಜೆ ಕೇಳಿದ. ಅವ್ವನನ್ನು ನೋಡಲು ಗಡಿಗೆ ಹೋಗಬೇಕು ಎಂದ.

"ನಿನ್ ಕೆಲ್ಸದ ಪರವಾನಗಿ, ಆ ಗುಲಾಬಿ ಕಾರ್ಡು, ಯಾವ ಜಿಲ್ಲೇದು?"

"ಇಲ್ಲೀದು."

"ಇಲ್ಲೀದು. ಜಿಲ್ಲೆ ದಾಟ್ಬೇಕಾದ್ರೆ ಕಾಗದ ಬೇಕು, ಕಾಗದಕ್ಕೆ ಧಣಿ ಸೈ ಬೇಕು, ಧಣಿ ಬರೋದು ಶುಕ್ರವಾರ. ಘಾಟಿ ರಸ್ತೇಲಿ ಮೂರು ಕಡೆ ತಪಾಸಣೆ. ಹಿಡಿದ್ರೆ ನಿನ್ನ ಅವ್ವನ ಹತ್ರ ಅಲ್ಲಪ್ಪ, ಸೀದಾ ಆ ಕಡೆ ಪೊಲೀಸ್ ಕೈಗೆ." ಬೈದದ್ದಲ್ಲ, ಲೆಕ್ಕ ಒಪ್ಪಿಸಿದ ಹಾಗೆ ಹೇಳಿದ. ಆಮೇಲೆ ಪ್ರೇ ರೆಯ ಕೈ ನೋಡಿದ. ಕರಣೆಯನ್ನು ಇನ್ನೂ ಹಿಡಿದೇ ಇದ್ದ, ಗಾರೆ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. "ಏನಾಯ್ತೋ?"

ಹೇಳಬೇಕಾದರೆ ಅಳಿಸಿದ್ದನ್ನು ಹೇಳಬೇಕಿತ್ತು. ನಾನೇ ನನ್ನ ಅವ್ವನನ್ನು ಮೈನ್ ಹೂತ ಅಂಗಳಕ್ಕೆ ಕಳಿಸಿದೆ ಎನ್ನಬೇಕಿತ್ತು. ಹೋಗಿ ಕೂತು ಟೈಲ್ಸ್ ಹಾಕಿದ. ಒಂದು ಸಾಲು, ಎರಡು ಸಾಲು. ಅವ್ವ ಏಳು ಮೆಟ್ಟಿಲು ನೋಡಿದ ಕೂಡಲೇ ಓಡುತ್ತಾಳೆ, ಅವಳು ಯಾವಾಗಲೂ ಓಡುವವಳೇ, ಮಳೆ ಬಂದರೆ ಬಟ್ಟೆಗೆ, ಕೋಳಿ ಕೂಗಿದರೆ ಗೂಡಿಗೆ. ಬಾವಿಯ ಪಕ್ಕದಿಂದ ಹೋದರೆ ಹತ್ತಿರ. ಸಂಜೆ ಲುಂಗ್ ಖಾಮ್ ಹೆಬ್ಬೆರಳಿನ ಗೆಣ್ಣಿನಿಂದ ಟೈಲ್ಸುಗಳನ್ನು ಒಂದೊಂದಾಗಿ ತಟ್ಟುತ್ತ ಬಂದ. ಕೆಳಗೆ ಗಾರೆ ತುಂಬದ ಕಡೆ ಡೊಳ್ಳು ಸದ್ದು ಬರುತ್ತದೆ. ಎರಡು ಸಾಲೂ ಡೊಳ್ಳು. "ಇದು ನೆಲವೋ, ತಮಟೆಯೋ? ಕಿತ್ತಾಕು," ಎಂದ. ಬೇರೆ ಕೆಲಸದವರು ನಕ್ಕರು. ಪ್ರೇ ರೆ ಒಂದೊಂದಾಗಿ ಕಿತ್ತ. ಕೀಳುವುದು ಹಾಕಿದ್ದಕ್ಕಿಂತ ನಿಧಾನ, ಹೆಚ್ಚು ಎಚ್ಚರ ಬೇಕು. ಉಳಿ ಎಲ್ಲಿ ಇಡುತ್ತೀಯೆಂದು ನೋಡಿ ಇಡಬೇಕು. ಲುಂಗ್ ಖಾಮ್ ಕೊನೆಗೆ ತಾನೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಉಳಿ ತೆಗೆದುಕೊಂಡ.

ಮಂಗಳವಾರ, ಬುಧವಾರ. ಗುರುವಾರ ಹತ್ತು ಗಂಟೆಗೆ ಜೇಬು ನಡುಗಿತು. ದೀ ರೆಯ ಹೆಸರು. ತೆಗೆಯುವ ಮುಂಚೆ ಎಷ್ಟು ಹೊತ್ತು ಹೆಸರನ್ನೇ ನೋಡಿದನೋ. ದನಿ ಅವ್ವನದು.

"ಉಂಡ್ಯಾ ಮಗಾ?"

ಕೈಯಲ್ಲಿದ್ದ ಟೈಲ್ಸನ್ನು ನೆಲಕ್ಕಿಟ್ಟ.

"ಲೋ, ಕೇಳಿಸ್ತಾ ಇದ್ಯಾ? ನನ್ ಫೋನು ಹೊಳೆಗೆ ಬಿತ್ತು. ಚೀಲಾನೇ ಜಾರ್ಬಿಡ್ತು. ದೀ ರೆ ಅದನ್ನ ಅಕ್ಕಿಯೊಳಗೆ ಹೂತಿಟ್ಟಿದ್ದಾನೆ, ಬದುಕಲ್ಲ ಅಂತಾನೆ. ಅಕ್ಕೀನೂ ಹಾಳು."

"ಅವ್ವ, ನೀನು... ಕಾಲು..."

"ಕಾಲು ಎರಡೂ ಇದೆ. ಮೊಣಕಾಲು ಮೊದ್ಲೇ ಹಾಳು." ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ಅಂಗಳಕ್ಕೆ ಕಾಲಿಡ್ಲಿಲ್ಲ ಮಗಾ. ಭತ್ತ ಕುಯ್ಯೋರ ಹಿಂದೆ, ಅವರು ಕಾಲಿಟ್ಟಲ್ಲೇ ಕಾಲಿಟ್ಕೊಂಡು ಹೋದೆ. ದಾರೀಲೆ ನಿಂತಿದ್ದೆ."

"ಅವ್ವ, ನಾನು ಇದೆ ಅಂದೆ. ಸುಳ್ಳು. ಫೋಟೊ ಇತ್ತು, ಕಳಿಸಿ ಅಳಿಸ್ದೆ. ನೀನು ನಂಬಿ ಹೋದೆ..."

"ಯಾರು ನಂಬಿದ್ದು? ಮನೆ ನಿಂತಿದ್ದಿದ್ರೆ ನನ್ ಮಗ ಆ ಫೋಟೊ ಯಾಕೋ ಅಳಿಸ್ತಾನೆ? ಈ ಹುಡುಗಿ ಅಳಿಸಿದೆ ಅಂತ ಓದಿದ್ಲಲ್ಲ, ಅವತ್ತೇ ಗೊತ್ತಾಯ್ತು ನಂಗೆ. ಗುಡ್ಡ ಇಳಿಯೋವಾಗ ಅತ್ಕೊಂಡೆ. ನೀನು ಅಲ್ಲಿ ಒಬ್ನೇ ಅದನ್ನ ನೋಡ್ಕೊಂಡು ಎಷ್ಟು ದಿನ ಇದ್ಯೋ ಅಂತ ಅತ್ಕೊಂಡೆ."

ಲುಂಗ್ ಖಾಮ್ ಹೊಸ್ತಿಲಲ್ಲಿ ನಿಂತಿದ್ದ. ಪ್ರೇ ರೆ ಗೋಡೆಯ ಕಡೆ ತಿರುಗಿದ. "ಮತ್ಯಾಕವ್ವ ಹೋದೆ? ನಾನು ತೋರ್ಸಿದ್ರೆ ಹೋಗ್ತಿರ್ಲಿಲ್ಲ, ಅಲ್ವಾ?"

"ತೋರ್ಸಿದ್ರೂ ಹೋಗ್ತಿದ್ದೆ," ಎಂದಳು. ಕ್ಷಣವೂ ತಡೆಯದೆ ಎಂದಳು. ಅದು ನಿಜವೋ, ಬಿಸಿ ಪಾತ್ರೆಯನ್ನು ತನ್ನ ಕೈಗೇ ಎತ್ತಿಕೊಂಡಳೋ ಅವನಿಗೆ ಎಂದೂ ತಿಳಿಯಲಿಲ್ಲ. "ಅವತ್ತು ಓಡಿದ್ವಲ್ಲ, ಒಲೆ ಮೇಲಿನ ಅನ್ನಾನೂ ಬಿಟ್ಟು ಓಡಿದ್ವು. ಹಂಗೆ ಓಡಿದ್ರೆ ಜೀವ ಎಲ್ಲಾ ಜೊತೇಲಿ ಬರಲ್ಲಪ್ಪ. ಒಂದೊಂದು ಅಲ್ಲೇ ಉಳ್ಕೊಳ್ಳುತ್ತೆ, ಮೊದ್ಲೇ ಊರು ಬಿಟ್ಟ ನಿಂದೂ ಹಂಗೇ. ಮನೆ ಇರೋವರ್ಗೂ ಇರ್ಲಿ, ಕಾಯ್ಕೊಂಡಿರುತ್ತೆ ಅಂತ ಸುಮ್ನಿದ್ದೆ. ಮನೇನೇ ಇಲ್ಲ ಅಂದ್ಮೇಲೆ ಮಳೇಲಿ ಎಲ್ಲಿರ್ತದೆ ಅದು? ಅದಕ್ಕೇ ಹೋದೆ. ಒಂದುಂಡೆ ಅನ್ನ, ಒಂದು ಬೇಯಿಸಿದ ಮೊಟ್ಟೆ ದಾರೀಲಿಟ್ಟು ಹೆಸರು ಹಿಡಿದು ಕರೆದೆ. ನಂದು, ನಿಮ್ಮಪ್ಪಂದು, ನಿಂದು. ಫಾದರ್‌ಗೆ ಹೇಳ್ಬೇಡ ಮತ್ತೆ."

"ಹೇಳಲ್ಲ."

"ನಿಮ್ಮಪ್ಪ ಬರಲ್ಲ ಅಂದ ಅನ್ಸುತ್ತೆ. ಮೊದಲಿಂದ್ಲೂ ಅವನು ಹಂಗೇ. ನಂದು ಬಂತು. ನಿಂದೂ ಬಂದಿದೆ, ಇಲ್ಲೀವರ್ಗೂ ನನ್ ಹಿಂದೇನೇ ನಡ್ಕೊಂಡು ಬಂದಿದೆ. ಈಗ ನಿನ್ ಹತ್ರ ಕಳಿಸ್ಬೇಕು. ಇಲ್ಲಿಂದ ಕರೀತೀನಿ, ನೀನು ಓ ಅನ್ಬೇಕು. ಗಟ್ಟಿಯಾಗಿ ಅನ್ಬೇಕು, ಇಲ್ದಿದ್ರೆ ದಾರಿ ತಪ್ಪುತ್ತೆ. ಬೇಗ, ಗಂಟೆ ಮುಗೀತಾ ಬಂತು ಅಂತಾಳೆ ಈ ಹುಡುಗಿ."

ಹಜಾರದಲ್ಲಿ ಆರು ಜನ ಕೆಲಸದವರಿದ್ದರು. ಮಧ್ಯದಲ್ಲಿ ಸೋಮವಾರ ಕಿತ್ತು ನಿನ್ನೆ ಮತ್ತೆ ಹಾಕಿದ ಸಾಲು, ಇನ್ನೂ ಯಾರೂ ತುಳಿಯಬಾರದ್ದು. ಪ್ರೇ ರೆ ಫೋನನ್ನು ಕಿವಿಗೆ ಒತ್ತಿ ಹಿಡಿದ. ಗುಡ್ಡದ ತುದಿಯಲ್ಲಿ, ಹತ್ತು ಜನರ ನಡುವೆ, ಬಾಳೆ ಎಲೆ ಹಿಡಿದು ಆಕಾಶ ನೋಡುತ್ತ ನಿಂತ ಹುಡುಗಿಯ ಪಕ್ಕ, ಅವ್ವ ಅವನ ಹೆಸರನ್ನು ಕೂಗಿದಳು. ಹೊಲದ ಆಚೆ ಬದುವಿನಿಂದ ಊಟಕ್ಕೆ ಕರೆಯುವ ದನಿಯಲ್ಲಿ, ಉದ್ದಕ್ಕೆ ಎಳೆದು.

"ಪ್ರೇ ರೇ... ಬಾರೋ..."

"ಓ," ಎಂದ.

"ಕೇಳಿಸ್ಲಿಲ್ಲ!"

"ಓ! ಬಂದೆ ಅವ್ವ!" ಎಂದು ಕೂಗಿದ. ಖಾಲಿ ಮನೆಯ ಗೋಡೆಗಳೆಲ್ಲ ಕೂಗಿದವು. ಕೆಲಸದವರು ಕೈ ನಿಲ್ಲಿಸಿ ತಿರುಗಿದರು. ಒಬ್ಬ ನಗಲು ಬಾಯಿ ತೆರೆದ. ಲುಂಗ್ ಖಾಮ್ ಅವನ ಕಡೆ ನೋಡಿದ, ಬಾಯಿ ಮುಚ್ಚಿತು.

"ಬಂತಾ?" ಎಂದು ಅವ್ವ ಕೇಳಿದಳು, ದನಿ ತುಂಡು ತುಂಡಾಗುತ್ತ. "ಬಂ... ಮಗಾ?"

"ಬಂತು," ಎಂದ. ಈ ಸಲ ಅದು ಸುಳ್ಳೋ ನಿಜವೋ ಎಂದು ತೂಗಲು ಹೋಗಲಿಲ್ಲ. ಕರೆ ಕಡಿದುಹೋಗಿತ್ತು. ಅವ್ವನ ಹಳೆಯ ಫೋನಿಗೆ ಹೋದ ಫೋಟೊದ ಕೆಳಗೆ ಟಿಕ್ಕು ಒಂದೇ ಇತ್ತು, ಇನ್ನು ಅದು ಒಂದೇ ಇರುತ್ತದೆ. ಒಂದು ತಿಂಗಳು ಕಾದು ಆ ಯಂತ್ರವೂ ಅದನ್ನು ಎಸೆಯುತ್ತದಂತೆ. ಲುಂಗ್ ಖಾಮ್ ಹತ್ತಿರ ಬಂದ. "ನಮ್ಮಮ್ಮನೂ ಹಿಂಗೇ ಜೀವ ಕರೀತಿದ್ಲು, ಜ್ವರ ಬಂದಾಗ," ಎಂದ. "ಮೂರು ಸಲ ಓ ಅನ್ಬೇಕು ಕಣೋ. ಎರಡೇ ಅಂದೆ ನೀನು."

ಪ್ರೇ ರೆ ಅವನ ಮುಖ ನೋಡಿದ. ಮುದುಕ ತಮಾಷೆ ಮಾಡುತ್ತಿರಲಿಲ್ಲ. ಫೋನನ್ನು ಜೇಬಿಗೆ ಹಾಕಿ, ಗಡಿಯ ಕಡೆಯ ಕಿಟಕಿಯ ಚೌಕಟ್ಟಿಗೆ ಎರಡೂ ಕೈಯೂರಿ, ಮೂರನೆಯದನ್ನು ಹೇಳಿದ.